ಹೊಲಿಗೆ ನೋಡುವವಳು, ಕಡ್ಡಿ ನೋಡುವವಳು

ಬಟ್ಟೆ ಕಾರ್ಖಾನೆಯಲ್ಲಿ ಅವಳನ್ನು ಸೂಜಿಗಣ್ಣು ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಹೊಲಿಗೆ ಯಂತ್ರಗಳ ಸದ್ದಿನ ನಡುವೆ ಕೂಗಿ ಮಾತಾಡಿ ಅಭ್ಯಾಸವಾದ ಹೆಂಗಸರಿಗೆ ಪಿಸುಮಾತು ಮರೆತೇಹೋಗಿದ್ದರಿಂದ ಆ ಹೆಸರು ಅವಳ ಕಿವಿಗೆ ಬೀಳುತ್ತಲೇ ಇತ್ತು. ಅವಳು ತಲೆ ಎತ್ತುತ್ತಿರಲಿಲ್ಲ.

ಅವಳ ಕೆಲಸ ಸಾಲಿನ ಕೊನೆಯಲ್ಲಿ. ಟ್ಯೂಬ್‌ಲೈಟಿನ ಕೆಳಗೊಂದು ಉದ್ದ ಮೇಜು. ಹೊಲಿದು ಬಂದ ಅಂಗಿಯನ್ನು ಮಗುಚಿ ಒಳಗಿನ ಹೊಲಿಗೆಯ ಮೇಲೆ ಹೆಬ್ಬೆರಳು ಓಡಿಸುವುದು, ಎಲ್ಲಿ ನೂಲು ತಪ್ಪಿದೆಯೋ, ಎಲ್ಲಿ ಬಟ್ಟೆ ಸುಕ್ಕು ಹಿಡಿದಿದೆಯೋ ಅಲ್ಲಿ ಬಾಣದ ಗುರುತಿನ ಕೆಂಪು ಚೀಟಿ ಅಂಟಿಸುವುದು. ಚೀಟಿ ಬಿದ್ದ ಅಂಗಿ ಹೊಲಿದವಳ ಮಡಿಲಿಗೇ ವಾಪಸ್ಸು ಹೋಗುತ್ತಿತ್ತು. ಬಿಚ್ಚಿ ಮತ್ತೆ ಹೊಲಿಯಬೇಕು, ಅಷ್ಟು ಹೊತ್ತು ಉಳಿದ ಕೆಲಸ ಗುಡ್ಡೆ ಬೀಳಬೇಕು, ಮೇಸ್ತ್ರಿಯಿಂದ ಬೈಸಿಕೊಳ್ಳಬೇಕು. ಹೀಗಿರುವಾಗ ಯಾರಿಗೆ ತಾನೇ ಅವಳು ಬೇಕು? ಊಟದ ಹೊತ್ತಿನಲ್ಲಿ ಅವಳ ಪಕ್ಕದ ಜಾಗ ಯಾವಾಗಲೂ ಖಾಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರೀ ನೂಲು ಕತ್ತರಿಸುವ ಹುಡುಗಿಯಾಗಿದ್ದಾಗ ಅವಳು, ಬಾಯಿ ಬಿಟ್ಟು ಬಿಚ್ಚಿಕೊಂಡಿದ್ದ ಒಂದು ಕಂಕುಳ ಹೊಲಿಗೆಯನ್ನು ಕಾಣದೆ ಬಿಟ್ಟು ಇಡೀ ಸಾಲಿನ ಮುಂದೆ ಛೀಮಾರಿ ಹಾಕಿಸಿಕೊಂಡಿದ್ದಳು. ಅಂದಿನಿಂದ ಅವಳ ಕಣ್ಣಿಗೆ ಅಂಗಿಯ ಅಂದ ಕಾಣುವುದು ನಿಂತು, ಒಳಮೈ ಮಾತ್ರ ಕಾಣತೊಡಗಿತು.

ಆ ಕಣ್ಣನ್ನು ಕಾರ್ಖಾನೆಯಲ್ಲಿ ಬಿಟ್ಟು ಮನೆಗೆ ಬರುವುದು ಅವಳಿಗೆ ಗೊತ್ತಿರಲಿಲ್ಲ. ಮೈದುನನ ಮದುವೆಯಾದ ಹೊಸದರಲ್ಲಿ ವಾರಗಿತ್ತಿ ತನ್ನ ಕೈಯಾರೆ ರವಿಕೆಯೊಂದನ್ನು ಹೊಲಿದು, ನೆಂಟರೆಲ್ಲ ಕೂತಿದ್ದಾಗ ತಂದು ಕೊಟ್ಟಳು. ಸೂಜಿಗಣ್ಣು ರವಿಕೆಯನ್ನು ಮೈಗೆ ಹಿಡಿದು ನೋಡುವ ಬದಲು ಅಲ್ಲೇ ಮಗುಚಿ, ತೋಳು ಕೂಡಿಸಿದ ಕಡೆ ಎರಡು ಬೆರಳಲ್ಲಿ ಎಳೆದು, ಇದು ನಾಲ್ಕು ಒಗೆತಕ್ಕೆ ಬಿಡುತ್ತದೆ ಎಂದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನೆಂಟರು ನಕ್ಕರು. ಹೊಸ ಸೊಸೆ ಒಳಗೆ ಹೋದವಳು ಊಟಕ್ಕೂ ಹೊರಗೆ ಬರಲಿಲ್ಲ. ಅಲ್ಲಿಂದ ಶುರುವಾದದ್ದು ಒಂದೇ ಮನೆಯಲ್ಲಿ ಎರಡು ಒಲೆ ಆಗುವ ತನಕ ಹೋಯಿತು. ಅತ್ತೆ ನಡುಮನೆಯಲ್ಲಿ ಕೂತು ಒಂದು ಹೊತ್ತು ಈ ಒಲೆಯದು, ಒಂದು ಹೊತ್ತು ಆ ಒಲೆಯದು ಉಣ್ಣುತ್ತ, ಇಬ್ಬರ ಅಡುಗೆಗೂ ಹೆಸರಿಡುತ್ತಿದ್ದಳು.

ವಾರಗಿತ್ತಿ ಬಸ್ ನಿಲ್ದಾಣದ ಪಕ್ಕದ ಕೊಡೆ ಅಂಗಡಿಯಲ್ಲಿ ಮಳೆಗಾಲದ ಕೆಲಸಕ್ಕಿದ್ದಳು. ಮಳೆ ನಿಂತರೆ ಅವಳ ಕೆಲಸವೂ ನಿಲ್ಲುತ್ತಿತ್ತು. ಚುರುಕು ಬಾಯಿ, ಚುರುಕು ಕೈ. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಕೊಡೆ ಅರಳಿಸಿ ಹಿಡಿದಿರುತ್ತಿದ್ದಳು.

ಹಿಂದಿನ ಮಳೆಗಾಲದಲ್ಲಿ ಕಾರ್ಖಾನೆಯ ಅರ್ಧಕ್ಕರ್ಧ ಹೆಂಗಸರು ತೊಯ್ದು ತೊಪ್ಪೆಯಾಗಿ ಬಂದು ಕೂತು, ಅವರ ಮೈಯ ನೀರು ರಫ್ತಿನ ಬಟ್ಟೆಗೆ ತಾಗಿ ಕಲೆಯಾಗಿತ್ತು. ಜ್ವರ ಬಂದವರ ಲೆಕ್ಕ ಮ್ಯಾನೇಜರ್ ಇಟ್ಟಿರಲಿಲ್ಲ, ಕಲೆಯಾದ ಬಟ್ಟೆಯ ಲೆಕ್ಕ ಇಟ್ಟಿದ್ದ. ಹಾಗಾಗಿ ಈ ಸಲ ಸ್ಕೂಟರಿನಲ್ಲಿ ಬರುವವರಿಗೆ ರೇನ್‌ಕೋಟು, ಬಸ್ಸು ಇಳಿದು ನಡೆದು ಬರುವವರಿಗೆ ಕೊಡೆ ಕಂಪನಿಯಿಂದಲೇ ಕೊಡುವುದೆಂದಾಯಿತು. ಸುದ್ದಿ ಹಿಡಿದ ವಾರಗಿತ್ತಿ ತನ್ನ ಅಂಗಡಿ ಯಜಮಾನನ ಬೆನ್ನು ಹತ್ತಿ, ಮ್ಯಾನೇಜರನ ಬಾಗಿಲಿಗೆ ಓಡಾಡಿ, ಆರ್ಡರು ತನ್ನ ಅಂಗಡಿಗೇ ಬರುವಂತೆ ಮಾಡಿಕೊಂಡಳು. ಇದು ಸರಿಯಾಗಿ ಮುಗಿದರೆ ವರ್ಷವಿಡೀ ಕೆಲಸಕ್ಕೆ ಇಟ್ಟುಕೊಳ್ಳುತ್ತೇನೆ ಎಂದು ಯಜಮಾನ ಮಾತು ಕೊಟ್ಟಿದ್ದ.

ಮಾದರಿಗೆಂದು ಒಂದು ಕೋಟು, ಒಂದು ಕೊಡೆ ಬಂದಾಗ ಮ್ಯಾನೇಜರ್ ಅವನ್ನು ಸೂಜಿಗಣ್ಣಿನ ಮೇಜಿಗೆ ಕಳಿಸಿದ. ತಂದವಳು ವಾರಗಿತ್ತಿಯೇ. ಇಬ್ಬರ ಜಗಳ ಗೊತ್ತಿದ್ದ ಹೆಂಗಸರು ಯಂತ್ರದಿಂದ ಕಾಲು ತೆಗೆದು ನೋಡತೊಡಗಿದರು. ಸೂಜಿಗಣ್ಣು ಕೋಟನ್ನು ಮಗುಚಿದಳು. ಬಟ್ಟೆಯ ಒಳಮೈಗೆ ಬಳಿದ ಲೇಪ ಉಗುರಿಗೆ ಸಿಪ್ಪೆ ಏಳುತ್ತದೋ ಎಂದು ಕೆರೆದಳು, ಏಳಲಿಲ್ಲ. ಹೊಲಿಗೆಯುದ್ದಕ್ಕೂ ಒಳಗಿನಿಂದ ಬಿಸಿ ಒತ್ತಿ ಅಂಟಿಸಿದ ಟೇಪಿನ ಪಟ್ಟಿ ಇತ್ತು. ಸೂಜಿ ಹೋದಲ್ಲೆಲ್ಲ ತೂತು ಬಿದ್ದೇ ಬೀಳುತ್ತದೆ. ಬಟ್ಟೆ ಎಷ್ಟೇ ಒಳ್ಳೆಯದಿದ್ದರೂ ಆ ತೂತುಗಳನ್ನು ಮುಚ್ಚದಿದ್ದರೆ ಮಳೆ ಒಳಗೆ ಬರುವುದು ಅಲ್ಲಿಂದಲೇ. ಅವಳು ಹೆಗಲು ನೋಡಿದಳು, ಟೋಪಿ ಕೂಡುವ ಕುತ್ತಿಗೆ ನೋಡಿದಳು, ನಾಲ್ಕು ಹೊಲಿಗೆ ಬಂದು ಸೇರುವ ಕಂಕುಳನ್ನು ಎರಡು ಸಲ ನೋಡಿದಳು, ಕೋಟಿನ ಜೊತೆಗೆ ಬಂದ ಪ್ಯಾಂಟಿನ ಕವಲು ನೋಡಿದಳು. ಜಿಪ್ಪಿನ ಮೇಲೆ ಅಗಲ ಪಟ್ಟಿ ಮುಚ್ಚಿತ್ತು. ಕೊಡೆಯ ಬಟ್ಟೆಯನ್ನು ದೀಪಕ್ಕೆ ಹಿಡಿದಳು, ಒಂದು ಸೂಜಿತೂತೂ ಕಾಣಲಿಲ್ಲ. ಚೀಟಿ ಅಂಟಿಸಲು ಜಾಗ ಸಿಗದೆ ಅವಳು ಎರಡನ್ನೂ ಮಡಿಸಿ ಆಚೆ ತಳ್ಳಿದಳು.

“ಪಾಸು” ಎಂದಳು, ಹುಳಿ ಕಚ್ಚಿದವಳ ಹಾಗೆ.

ವಾರಗಿತ್ತಿ ಅವಳ ಮುಖವನ್ನೂ ನೋಡದೆ ನಡೆದಳು.

ಮಾಲು ಬಂದದ್ದು ಮೊದಲ ಮಳೆ ಹನಿಯುತ್ತಿದ್ದ ದಿನ. ಕಟ್ಟಿನ ಮೇಲಿನ ಕೋಟುಗಳು ಮಾದರಿಯಂತೆಯೇ ಇದ್ದವು. ಕೆಳಗಿನಿಂದ ಎಳೆದದ್ದನ್ನು ಮಗುಚಿದಾಗ ಅವಳ ಹೆಬ್ಬೆರಳು ನಿಂತಿತು. ಬಣ್ಣ ಅದೇ, ಬಟ್ಟೆ ಅದೇ. ಆದರೆ ಟೇಪು ಸಣ್ಣದು. ಹೆಗಲ ಮೇಲೆ ಅದು ಹೊಲಿಗೆಯಿಂದ ಪಕ್ಕಕ್ಕೆ ಸರಿದು ತೂತುಗಳ ಒಂದು ಸಾಲು ಬೆತ್ತಲಾಗಿತ್ತು. ಕಂಕುಳಲ್ಲಿ ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸಿದರೆ ಗಾಯದ ಪಟ್ಟಿಯಂತೆ ಸಲೀಸಾಗಿ ಎದ್ದು ಬಂತು. ಶಾಖ ಸಾಲದೆ ಅಂಟಿಸಿದ ಟೇಪು. ಇನ್ನೊಂದು ತೆಗೆದಳು, ಅದೂ ಹಾಗೇ. ಅವಳು ಒಂದೊಂದಕ್ಕೂ ಕೆಂಪು ಬಾಣ ಅಂಟಿಸುತ್ತ ಹೋದಳು. ಅವಳ ಮುಖದಲ್ಲಿ ಆಗ ಒಂದು ಬಗೆಯ ಕಳೆ ಇತ್ತೆಂದು ನೋಡಿದವರು ಹೇಳಿದರು. ಅದು ಸುಳ್ಳೇನಲ್ಲ.

ಮ್ಯಾನೇಜರ್ ಬಂದು, ಮನೆಯ ಜಗಳವನ್ನು ಕಾರ್ಖಾನೆಗೆ ತರಬೇಡಿ ಎಂದು ಎಲ್ಲರಿಗೂ ಕೇಳುವಂತೆ ಗದರಿದ. ಅವಳು ಒಂದು ಕೋಟಿನ ಕಂಕುಳ ಭಾಗವನ್ನು ಬೊಗಸೆಯ ಹಾಗೆ ಹಿಡಿದು ತನ್ನ ಬಾಟಲಿಯ ನೀರು ಸುರಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಯಾರೋ ಕಿಸಕ್ಕೆಂದರು. ಆಮೇಲೆ ಕೆಳಗೆ ಒಂದು ಹನಿ ಮೂಡಿತು, ಅದರ ಹಿಂದೆ ಇನ್ನೊಂದು, ಆಮೇಲೆ ಹೊಲಿಗೆಯುದ್ದಕ್ಕೂ ಹನಿಗಳು ಸಾಲುಗಟ್ಟಿ ಮ್ಯಾನೇಜರನ ಬೂಟಿನ ಮೇಲೆ ತೊಟ್ಟಿಕ್ಕಿದವು.

ಅವನು ಸಿಟ್ಟಿನಲ್ಲಿ ಇಡೀ ಆರ್ಡರನ್ನೇ ರದ್ದು ಮಾಡಿದ. ಕೋಟಿನ ಜೊತೆ ಕೊಡೆಗಳನ್ನೂ. ಕೊಡೆಗಳ ಕಟ್ಟನ್ನು ಯಾರೂ ಬಿಚ್ಚಿಯೇ ಇರಲಿಲ್ಲ. ಕೊಡೆಗಳನ್ನು ಇನ್ನೂ ನೋಡಿಲ್ಲ, ನೋಡಿ ಆಮೇಲೆ ಹೇಳುತ್ತೇನೆ ಎಂಬ ಮಾತು ಸೂಜಿಗಣ್ಣಿನ ನಾಲಿಗೆ ತುದಿಗೆ ಬಂದಿತ್ತು. ಅವಳು ನುಂಗಿಕೊಂಡಳು.

ಅಂದು ಸಂಜೆ ವಾರಗಿತ್ತಿ ಚಪ್ಪಲಿ ಕೂಡ ಬಿಡದೆ ಇವಳ ಒಲೆಯ ಮುಂದೆ ಬಂದು ನಿಂತಳು. ಅತ್ತೆ ನಡುಮನೆಯಿಂದ ಕತ್ತು ಚಾಚಿದಳು.

“ನನ್ನ ಅನ್ನಕ್ಕೆ ಮಣ್ಣು ಹಾಕಿದ್ರಲ್ಲ ಅಕ್ಕ, ಈಗ ಹೊಟ್ಟೆ ತಣ್ಣಗಾಯ್ತಾ?”

“ಕೋಟು ಸೋರುತ್ತೆ. ಸೋರೋದನ್ನ ಸೋರಲ್ಲ ಅಂತ ಹೇಳಕ್ಕೆ ನನಗೆ ಬರಲ್ಲ.”

“ನೀವು ಹುಡುಕಿ ಹುಡುಕಿ ಹಾಳಾಗಿರೋದನ್ನೇ ತೆಗೆದಿದ್ದೀರಿ. ಇಡೀ ಕಾರ್ಖಾನೆ ಹೇಳ್ತಾ ಇದೆ.”

“ಹಾಗಾದ್ರೆ ನೀನೇ ಒಂದು ಹಾಕ್ಕೊಂಡು ನೋಡು.”

ಅತ್ತೆ, ಮನೆ ಹೆಣ್ಣಿನ ಮಾಲಿಗೆ ಮನೆ ಹೆಣ್ಣೇ ಹೀಗೆ ಮಾಡಿದರೆ ನೆರೆಯವರು ಏನನ್ನುತ್ತಾರೆ ಎಂದು ಹಣೆ ಚಚ್ಚಿಕೊಂಡಳು. ಇಬ್ಬರೂ ಅವಳ ಕಡೆ ತಿರುಗಲಿಲ್ಲ.

ಛಲಕ್ಕೆ ಬಿದ್ದ ವಾರಗಿತ್ತಿ ವಾಪಸ್ಸು ಬಂದ ಮಾಲಿನಿಂದ ಕಣ್ಣು ಮುಚ್ಚಿ ಒಂದು ಕೋಟು ಎಳೆದು, ಮರುದಿನ ಅದನ್ನೇ ತೊಟ್ಟು ಗಂಡನ ಸ್ಕೂಟರಿನಲ್ಲಿ ಅಂಗಡಿಗೆ ಹೊರಟಳು. ಮಳೆಯೂ ಅವಳ ಛಲಕ್ಕೆ ಸಾಟಿಯಾಗಿಯೇ ಬಂತು. ಸ್ಕೂಟರಿನ ವೇಗಕ್ಕೆ ಹನಿಗಳು ಹೆಗಲಿಗೆ ಬಡಿಯುತ್ತಿದ್ದವು. ಮೊದಲು ಕಂಕುಳಲ್ಲಿ ತಣ್ಣಗಾಯಿತು. ಬೆವರಿರಬೇಕು ಎಂದುಕೊಂಡಳು. ಮೇಲುಸೇತುವೆ ದಾಟುವಷ್ಟರಲ್ಲಿ ಎರಡೂ ಹೆಗಲಿನಿಂದ ನೀರು ಬೆನ್ನಿಗಿಳಿಯುತ್ತಿತ್ತು. ಅಂಗಡಿ ತಲುಪಿ ಕೋಟು ಬಿಚ್ಚಿದಾಗ ಹೊಲಿಗೆ ಎಲ್ಲೆಲ್ಲಿತ್ತೋ ಅಲ್ಲೆಲ್ಲ ಅವಳ ರವಿಕೆಯ ಮೇಲೆ ಗೆರೆ ಎಳೆದಂತೆ ಒದ್ದೆಯಾಗಿತ್ತು. ಅವಳು ಯಜಮಾನನ ಮುಂದೆ ಹಾಗೇ ನಿಂತು, ಮಾಲು ಮಾಡಿದವನು ನಿಮ್ಮ ಕಣ್ಣಿಗೆ ಮಣ್ಣೆರಚಿದ್ದಾನೆ, ಇಷ್ಟನ್ನೂ ವಾಪಸ್ಸು ಕಳಿಸಿ, ಇಲ್ಲದಿದ್ದರೆ ನಾನು ಒಂದನ್ನೂ ಮಾರುವುದಿಲ್ಲ ಎಂದಳು. ಯಜಮಾನ ಗೊಣಗಿ ಗೊಣಗಿ ಕೊನೆಗೆ ಕಳಿಸಿದ.

ಮನೆಗೆ ಬಂದವಳು ಆ ಕೋಟನ್ನು ಸೂಜಿಗಣ್ಣಿನ ಕಾಲ ಬುಡಕ್ಕೆ ಎಸೆದಳು.

“ಕೋಟು ಸರಿಯಿಲ್ಲ. ಒಪ್ಕೊಂಡೆ. ಕೊಡೆ ಏನು ಪಾಪ ಮಾಡಿತ್ತು? ಅದರ ಕಟ್ಟನ್ನೇ ಬಿಚ್ಚಲಿಲ್ಲವಂತೆ. ಸಾಹೇಬ್ರು ರದ್ದು ಅಂದಾಗ ನೀವು ಬಾಯಲ್ಲಿ ಕಡುಬು ಇಟ್ಕೊಂಡಿದ್ರಾ?”

ಸೂಜಿಗಣ್ಣು ಒಲೆಯ ಕಡೆ ತಿರುಗಿ, ಸುಮ್ಮನೆ ಕುದಿಯುತ್ತಿದ್ದ ಸಾರನ್ನು ಮತ್ತೆ ಮತ್ತೆ ತಿರುವಿದಳು.

ಅಷ್ಟರಲ್ಲಿ ಮ್ಯಾನೇಜರ್ ಬೇರೊಬ್ಬ ದಲ್ಲಾಳಿಯಿಂದ ಕೊಡೆ ತರಿಸಿದ. ಮೂರು ಮಡಿಕೆಯ ಕೊಡೆಗಳು, ಕೈಚೀಲದಲ್ಲಿ ಹಿಡಿಸುವಂಥವು. ಅವು ಸೂಜಿಗಣ್ಣಿನ ಮೇಜಿಗೆ ಬಂದವು. ಅವಳು ಬಟ್ಟೆಯನ್ನು ದೀಪಕ್ಕೆ ಹಿಡಿದಳು, ದಟ್ಟ ನೇಯ್ಗೆ. ನೀರು ಚಿಮುಕಿಸಿದಳು, ಹನಿಗಳು ಮಣಿಗಳಂತೆ ಉರುಳಿದವು. ಹೋಳು ಹೋಳು ಕೂಡಿಸಿದ ಹೊಲಿಗೆ ನೇರವಾಗಿತ್ತು. ಕಡ್ಡಿಯ ತುದಿಗೆ ಬಟ್ಟೆಯನ್ನು ಕಟ್ಟಿದ ನೂಲು ಬಿಗಿಯಾಗಿತ್ತು. ಕಡ್ಡಿ ಕಬ್ಬಿಣದ್ದು, ಹೊಳೆಯುತ್ತಿತ್ತು. ಅದರಲ್ಲಿ ಮತ್ತೇನು ನೋಡಬೇಕೆಂದು ಅವಳಿಗೆ ತಿಳಿಯದು. ತಿಳಿಯದು ಎಂದು ಹೇಳುವ ಅಭ್ಯಾಸವೂ ಇರಲಿಲ್ಲ. ಪಾಸು ಮಾಡಿದಳು.

ಕಾರ್ಖಾನೆಯ ಗೇಟಿನ ಮುಂದೆ ಎರಡು ಎತ್ತರದ ಗೋದಾಮುಗಳ ನಡುವಿನ ಓಣಿ. ಗಾಳಿ ಅಲ್ಲಿ ಕೊಳವೆಯಲ್ಲಿ ನುಗ್ಗಿದಂತೆ ನುಗ್ಗುತ್ತದೆ. ಕೊಡೆ ಹಂಚಿದ ವಾರವೇ ಒಂದು ಸಂಜೆ ಪಾಳಿ ಬಿಟ್ಟ ಹೆಂಗಸರು ಆ ಓಣಿಗೆ ಕಾಲಿಟ್ಟದ್ದೇ ತಡ, ಕೊಡೆಗಳು ಒಂದರ ಹಿಂದೊಂದು ಆಕಾಶಕ್ಕೆ ಬಾಯಿ ತೆರೆದು ಮಗುಚಿಕೊಂಡವು. ಮಗುಚಿದ್ದನ್ನು ಸರಿ ಮಾಡಲು ಹೋದರೆ ಕಡ್ಡಿ ಬಾಗಿದ್ದು ಬಾಗಿದಂತೆಯೇ ನಿಂತಿತು. ಕೆಲವು ಕೀಲಿನಲ್ಲೇ ಮುರಿದು ಬಟ್ಟೆಯೊಳಗಿನಿಂದ ಚೂಪಾಗಿ ಹೊರಬಂದವು. ಒಬ್ಬಳ ಕೆನ್ನೆಗೆ ಗೀರು ಬಿತ್ತು. ಹಿಂದೆ ಬರುತ್ತಿದ್ದ ಸೂಜಿಗಣ್ಣಿನ ಕೊಡೆಯೂ ಅವಳ ಕೈಯಲ್ಲಿ ಸತ್ತ ಕಾಗೆಯಂತೆ ಜೋತುಬಿತ್ತು. ನಮ್ಮ ಹೊಲಿಗೆಯಲ್ಲಿ ಕೂದಲೆಳೆ ತಪ್ಪು ಹುಡುಕುವವಳಿಗೆ ಇದು ಕಾಣಲಿಲ್ಲವೇ, ದಲ್ಲಾಳಿ ಏನು ತಿನ್ನಿಸಿದ ಎಂದು ಹೆಂಗಸರು ಮಳೆಯಲ್ಲಿ ನಿಂತೇ ಬೈದರು. ಕೆನ್ನೆ ಗೀರಿಸಿಕೊಂಡವಳು ಬೈಯಲಿಲ್ಲ, ಹತ್ತಿರ ಬಂದು ನೋಡಿ ಉಗಿದು ಹೋದಳು.

ಮರುದಿನ ಬೆಳಿಗ್ಗೆ ಅವಳ ಮೇಜಿನ ಸುತ್ತ ಮುರಿದ ಕೊಡೆಗಳು ನೇತಾಡುತ್ತಿದ್ದವು. ಒಂದೊಂದರ ಮೇಲೂ ಕೆಂಪು ಬಾಣದ ಚೀಟಿ. ಬಾಣಗಳೆಲ್ಲ ಅವಳು ನಿಲ್ಲುವ ಕಡೆಗೇ ತಿರುಗಿದ್ದವು. ಅವಳು ಒಂದೊಂದಾಗಿ ಬಿಚ್ಚಿ ಮೂಲೆಗಿಟ್ಟು ಕೆಲಸಕ್ಕೆ ನಿಂತಳು. ಅಂದು ಯಾವ ಅಂಗಿಗೂ ಚೀಟಿ ಬೀಳಲಿಲ್ಲ ಎಂದು ಯಾರೂ ಭಾವಿಸಬೇಕಾಗಿಲ್ಲ. ಎಂದಿನಷ್ಟೇ ಬಿದ್ದವು.

ವಾರದ ರಜೆಯ ದಿನ ಅವಳು ಮುರಿದ ಕೊಡೆಯೊಂದನ್ನು ಚೀಲಕ್ಕೆ ಹಾಕಿಕೊಂಡು ವಾರಗಿತ್ತಿಯ ಅಂಗಡಿಗೆ ಹೋದಳು. ಅಂಗಡಿ ತುಂಬ ಗಿರಾಕಿಗಳು. ವಾರಗಿತ್ತಿ ಕಂಡೂ ಕಾಣದಂತೆ ಎಲ್ಲರನ್ನೂ ಮಾತಾಡಿಸಿದಳು, ಆಮೇಲೆ ಬಂದವರನ್ನು ಮೊದಲು ಕಳಿಸಿದಳು. ಸೂಜಿಗಣ್ಣು ತೊಟ್ಟಿಕ್ಕುವ ಸೂರಿನ ಕೆಳಗೆ ಗೋಡೆಗೆ ಒತ್ತಿಕೊಂಡು ನಿಂತೇ ಇದ್ದಳು. ಅಂಗಡಿ ಖಾಲಿಯಾದ ಮೇಲೆ ವಾರಗಿತ್ತಿ, ಏನು ಬೇಕು ಎಂದು ಗಿರಾಕಿಯನ್ನು ಕೇಳುವಂತೆ ಕೇಳಿದಳು.

ಇವಳು ಮುರಿದ ಕೊಡೆಯನ್ನು ಮುಂದಿಟ್ಟಳು. “ಬಟ್ಟೆ ನನಗೆ ಗೊತ್ತು. ಕಡ್ಡಿ ಗೊತ್ತಿಲ್ಲ.”

“ಅದನ್ನ ಪಾಸ್ ಮಾಡೋ ಮೊದಲೇ ಹೇಳಬೇಕಿತ್ತು.”

“ಹೇಳಬೇಕಿತ್ತು.”

ಜಗಳಕ್ಕೆ ಸಿದ್ಧವಾಗಿದ್ದ ವಾರಗಿತ್ತಿ ಮುರಿದ ಕೊಡೆಯನ್ನು ಎಳೆದುಕೊಂಡು, ದಡ್ಡ ಮಗುವಿಗೆ ಹೇಳುವಂತೆ, ಬೇಕೆಂದೇ ನಿಧಾನವಾಗಿ ತೋರಿಸತೊಡಗಿದಳು. ಈ ಕಡ್ಡಿ ಹೊಳೆಯುತ್ತದೆ, ಆದರೆ ತೆಳು ತಗಡನ್ನು ಮಡಿಸಿ ಮಾಡಿದ್ದು. ಒಮ್ಮೆ ಬಾಗಿದರೆ ಮತ್ತೆ ನೆಟ್ಟಗಾಗುವುದಿಲ್ಲ. ಮಡಿಕೆ ಹೆಚ್ಚಿದಷ್ಟೂ ಕೀಲು ಹೆಚ್ಚು, ಕೀಲು ಹೆಚ್ಚಿದಷ್ಟೂ ಮುರಿಯುವ ಜಾಗ ಹೆಚ್ಚು. ಹಾಗೆಂದು ಮಡಿಕೆಯದೆಲ್ಲ ಕೆಟ್ಟದ್ದಲ್ಲ, ಆದರೆ ಗಾಳಿಯಲ್ಲಿ ನಡೆಯುವವರಿಗೆ ಉದ್ದ ಕೋಲಿನ ಕೊಡೆಯೇ ಮೇಲು. ಅವಳು ಗೋಡೆಯಿಂದ ಉದ್ದದ ಕೊಡೆಯೊಂದನ್ನು ತೆಗೆದು ಅರಳಿಸಿದಳು. ಫೈಬರ್ ಕಡ್ಡಿಯ ತುದಿ ಹಿಡಿದು ಬಿಲ್ಲಿನಂತೆ ಬಾಗಿಸಿ ಬಿಟ್ಟಳು. ಅದು ಛಟ್ಟನೆ ತನ್ನ ಜಾಗಕ್ಕೆ ಮರಳಿತು. ಬಟ್ಟೆಗೆ ಬೆರಳು ಬಡಿದಳು, ಬಿಗಿದ ತಮಟೆಯಂತೆ ಸದ್ದಾಯಿತು.

“ಈಗ ನೀವು ಅಲ್ಲಾಡಿಸಿ.”

ಸೂಜಿಗಣ್ಣು ಹಿಡಿ ಹಿಡಿದು ಅಲ್ಲಾಡಿಸಿದಳು. ಏನೂ ಗಡಗಡ ಎನ್ನಲಿಲ್ಲ. ಕಡ್ಡಿಗೆ ಆಸರೆ ಕಡ್ಡಿ ಸೇರುವ ಕಡೆ ಮೊಳೆಯನ್ನು ಬೆರಳಲ್ಲಿ ಮುಟ್ಟಿ ನೋಡಿ ಎಂದಳು ವಾರಗಿತ್ತಿ. ಅಲ್ಲಿ ಸಡಿಲವಿದ್ದರೆ ಕೊಡೆ ಇಂದಲ್ಲ ನಾಳೆ ಕೈ ಕೊಡುತ್ತದೆ. ಸೂಜಿಗಣ್ಣಿನ ಹೆಬ್ಬೆರಳು ಒಂದೊಂದೇ ಮೊಳೆಯ ಮೇಲೆ ಸುತ್ತು ಬಂತು. ಸುತ್ತಿ ಬಂದವಳು ಅಭ್ಯಾಸ ಬಿಡಲಾಗದೆ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ನೆತ್ತಿಯ ಹತ್ತಿರ, ಹೋಳುಗಳು ಕೂಡುವ ಕಡೆ, ಒಂದು ಹೊಲಿಗೆ ತಪ್ಪಿ ಬೆಳಕಿನ ಚುಕ್ಕೆ ಕಾಣುತ್ತಿತ್ತು. ಅವಳು ಅದರ ಮೇಲೆ ಬೆರಳಿಟ್ಟಳು. ವಾರಗಿತ್ತಿ ನೋಡಿದಳು, ಹಲ್ಲು ಕಚ್ಚಿದಳು, ಆ ಕೊಡೆಯನ್ನು ಮಡಿಸಿ ಮೇಜಿನ ಕೆಳಗೆ ಎಸೆದು ಇನ್ನೊಂದು ತೆಗೆದಳು.

ಮಾರನೆಯ ದಿನ ಸೂಜಿಗಣ್ಣು ಮ್ಯಾನೇಜರನ ಕೋಣೆಗೆ ಹೋಗಿ, ದಲ್ಲಾಳಿಯ ಕೊಡೆ ಪಾಸು ಮಾಡಿದ್ದು ತನ್ನ ತಪ್ಪು ಎಂದಳು. ಕೊಡೆ ಅಂಗಡಿಯ ಕೊಡೆಯ ಮಾದರಿ ಸರಿಯಿತ್ತು, ಮಾಲನ್ನು ನೋಡದೆ ರದ್ದು ಮಾಡಿದಾಗ ತಾನು ಬೇಕೆಂದೇ ಸುಮ್ಮನಿದ್ದೆ ಎಂದೂ ಹೇಳಿದಳು. ಮ್ಯಾನೇಜರ್ ಬಾಯಿಗೆ ಬಂದಂತೆ ಬೈದ. ಇಷ್ಟು ವರ್ಷ ನಿನ್ನ ಮಾತಿನ ಮೇಲೆ ಮಾಲು ಕಳಿಸಿದ್ದೇನಲ್ಲ ಎಂದ. ಅವಳು ನಿಂತು ಕೇಳಿದಳು. ಮುರಿದ ಕೊಡೆಗಳು ದಲ್ಲಾಳಿಗೆ ವಾಪಸ್ಸಾದವು, ಆರ್ಡರು ಮತ್ತೆ ಅಂಗಡಿಗೆ ಹೋಯಿತು. ಆದರೆ ಈ ಸಲ ನೋಡುವಾಗ ಅಂಗಡಿಯವಳೂ ಮೇಜಿನ ಮುಂದೆ ಇರಬೇಕು, ಒಬ್ಬಳನ್ನೇ ನಂಬುವುದಿಲ್ಲ ಎಂದು ಮ್ಯಾನೇಜರ್ ಕಟ್ಟಾಜ್ಞೆ ಮಾಡಿದ.

ಹೀಗೆ ಇಬ್ಬರೂ ಒಂದೇ ಟ್ಯೂಬ್‌ಲೈಟಿನ ಕೆಳಗೆ ನಿಂತರು. ವಾರಗಿತ್ತಿ ಕೊಡೆ ಅರಳಿಸಿ, ಅಲ್ಲಾಡಿಸಿ, ಕಡ್ಡಿ ಬಾಗಿಸಿ ಪಕ್ಕಕ್ಕೆ ಕೊಡುವುದು. ಸೂಜಿಗಣ್ಣು ಬೆಳಕಿಗೆ ಹಿಡಿದು ಹೊಲಿಗೆ ನೋಡುವುದು. ಹೊಸದಾಗಿ ಬಂದ ಕೋಟುಗಳನ್ನು ಮೇಲಿನಿಂದ, ನಡುವಿನಿಂದ, ತಳದಿಂದ ಎಳೆದು ಕಂಕುಳಿಗೆ ನೀರು ಸುರಿದು ಕಾಯುವುದು. ಒಬ್ಬಳು ತಳ್ಳಿದ್ದನ್ನು ಇನ್ನೊಬ್ಬಳು ಹಿಡಿಯುವಾಗ ಕೈಗೆ ಕೈ ತಾಗದಂತೆ ಇಬ್ಬರೂ ಎಚ್ಚರ ವಹಿಸುತ್ತಿದ್ದರು. ಮಾತೆಂದರೆ “ಇದು ಬೇಡ”, “ಇದೂ ಬೇಡ”, ಅಷ್ಟೇ. ತಮಾಷೆ ನೋಡಲು ಬಂದ ಹೆಂಗಸರಿಗೆ ತಮಾಷೆ ಸಿಗಲಿಲ್ಲ. ಕೆನ್ನೆ ಗೀರಿಸಿಕೊಂಡವಳು ಮಾತ್ರ ಕೊನೆಯ ತನಕ ನಿಂತು, ತನಗೆ ಕೊಟ್ಟ ಕೊಡೆಯ ಪ್ರತಿ ಕಡ್ಡಿಯನ್ನೂ ತಾನೇ ಬಾಗಿಸಿ ನೋಡಿ ಒಯ್ದಳು.

ಮಳೆ ಜೋರಾಯಿತು. ಗೋದಾಮಿನ ಓಣಿಯಲ್ಲಿ ಕೊಡೆಗಳು ನಡುಗಿದವು, ಬಾಗಿದವು, ಮತ್ತೆ ನೆಟ್ಟಗಾದವು. ಸ್ಕೂಟರಿನವರು ಒಣ ರವಿಕೆಯಲ್ಲಿ ಯಂತ್ರದ ಮುಂದೆ ಕೂತರು. ಅದಕ್ಕಾಗಿ ಯಾರೂ ಸೂಜಿಗಣ್ಣಿನ ಪಕ್ಕ ಬಂದು ಊಟಕ್ಕೆ ಕೂರಲಿಲ್ಲ. ವಾರಗಿತ್ತಿಯನ್ನು ಯಜಮಾನ ವರ್ಷವಿಡೀ ಕೆಲಸಕ್ಕೆ ಇಟ್ಟುಕೊಂಡ.

ಒಂದು ದಿನ ಅತ್ತೆ ಪಕ್ಕದ ಮನೆಯವಳ ಹತ್ತಿರ, ನನ್ನ ಸೊಸೆಯರು ಈಗ ಒಂದಾಗಿದ್ದಾರೆ, ಒಟ್ಟಿಗೆ ಕೆಲಸ ಮಾಡಿದರಂತೆ ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಒಬ್ಬಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು, ಇನ್ನೊಬ್ಬಳು ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಿದ್ದಳು.

“ಯಾರು ಹೇಳಿದ್ದು ನಿಮಗೆ?” ಎಂದಳು ವಾರಗಿತ್ತಿ ಹಿತ್ತಲಿನಿಂದ.

“ಹಾಗೇನಿಲ್ಲ ಅತ್ತೆ,” ಎಂದಳು ಸೂಜಿಗಣ್ಣು, ಅಕ್ಕಿಯಿಂದ ತಲೆ ಎತ್ತದೆ.

ಅತ್ತೆ ಪಕ್ಕದ ಮನೆಯವಳ ಮುಖ ನೋಡಿದಳು. ಪಕ್ಕದ ಮನೆಯವಳು, ಮಳೆ ಬರುವ ಹಾಗಿದೆ ಎಂದು ಹೇಳಿ ಎದ್ದು ಹೋದಳು.